ನಿಜವಾದ ಅಧ್ಯಕ್ಷ

ಶುಕ್ರವಾರ ಬೆಳಗ್ಗೆ ಶಿವಬಸವ್ವ ನಮ್ಮ ಪತ್ರಿಕೆಯ ಕಚೇರಿಗೆ ಬಂದಾಗ ಅವಳ ಕೈಯಲ್ಲಿ ಹಿಂದಿನ ದಿನದ ಮೂರನೇ ಪುಟವಿತ್ತು. ಅದರ ನಾಲ್ಕು ಮೂಲೆಗೂ ಅಂಟು, ಅಂಟಿನ ಮೇಲೆ ಮರದ ಚೂರು. ನೋಟಿಸ್ ಬೋರ್ಡಿನಿಂದ ಕಿತ್ತು ತಂದದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ಅವಳು ಯಾರಿಗೂ ನಮಸ್ಕಾರ ಹೇಳಲಿಲ್ಲ. ಸೀದಾ ನನ್ನ ಮೇಜಿಗೆ ಬಂದು ಹಾಳೆಯನ್ನು ಹರಡಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅಕ್ಕು, ಓದ್ರಿ ಇದನ್ನ. ಬಾಯಿ ಬಿಟ್ಟು ಓದ್ರಿ."

ನಾನು ಓದಿದೆ. 'ಸಂಸ್ಥೆಯ ನಿಜವಾದ ಅಧ್ಯಕ್ಷ ಹಾಗೂ ಹಂಗಾಮಿ ಆಡಳಿತ ಸಮಿತಿಯ ಮುಖ್ಯಸ್ಥ ಮಾರ್ತಾಂಡ ಅವರು, ಸಭಾಗೃಹವನ್ನು ಕೋಚಿಂಗ್ ಕ್ಲಾಸಿಗೆ ಬಾಡಿಗೆ ಕೊಡಲಾಗುವುದು ಎಂದರು. ನಾಮಮಾತ್ರ ಅಧ್ಯಕ್ಷೆ ಶಿವಬಸವ್ವ ಪ್ರತಿಕ್ರಿಯೆಗೆ ಸಿಗಲಿಲ್ಲ.'

"ನಿಜವಾದ ಅಧ್ಯಕ್ಷ ಅಂವ ಆದ್ರ ನಾನ್ಯಾರ್ರಿ? ಸುಳ್ಳು ಅಧ್ಯಕ್ಷಳಾ?"

ನಮ್ಮದು ಪುಣೆಯ ಕನ್ನಡಿಗರಿಗಾಗಿ ಹೊರಡುವ ಎಂಟು ಪುಟದ ದಿನಪತ್ರಿಕೆ. ಹನ್ನೆರಡು ವರ್ಷದಿಂದ ನಾನು ಅದರ ಪ್ರೂಫ್ ನೋಡುತ್ತಿದ್ದೇನೆ. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಮೊದಲು ಇಲ್ಲಿ ಪೇಪರ್ ಮಡಚುತ್ತಿದ್ದೆ, ಮಡಚುತ್ತಲೇ ಓದುತ್ತಿದ್ದೆ, ತಪ್ಪು ಕಂಡಲ್ಲಿ ಹೇಳುತ್ತಿದ್ದೆ. ಹೇಳಿ ಹೇಳಿ ಈ ಕುರ್ಚಿ ಸಿಕ್ಕಿತು. ಆ ಸಾಲಿನ ಮೇಲೂ ಬುಧವಾರ ನನ್ನ ಪೆನ್ಸಿಲ್ ಹರಿದಿತ್ತು. ಒತ್ತಕ್ಷರ, ದೀರ್ಘ ಎಲ್ಲ ಸರಿ ಇದ್ದವು. ಪೆನ್ಸಿಲ್ ಎಲ್ಲೂ ನಿಂತಿರಲಿಲ್ಲ.

ಶಿವಬಸವ್ವನ ವಸತಿ ಸೊಸೈಟಿ ನನಗೆ ಗೊತ್ತು. ಧನಕವಡಿಯಲ್ಲಿ ಮೂರು ಅಂತಸ್ತಿನ ಕಟ್ಟಡ. ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲಿಯೇ ನಿಂತ ಇಪ್ಪತ್ತನಾಲ್ಕು ಕುಟುಂಬಗಳು ಅಲ್ಲಿವೆ. ಹೋದ ವರ್ಷ ಚುನಾವಣೆ ನಡೆದು ಶಿವಬಸವ್ವ ಅಧ್ಯಕ್ಷೆಯಾದಳು. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯ ದಾಖಲೆಯಲ್ಲಿ ಅವಳದೇ ಹೆಸರಿದೆ. ಮಾರ್ತಾಂಡ ಅವಳ ಗಂಡನ ಅಣ್ಣ. ಅವನು ಯಾವ ಚುನಾವಣೆಗೂ ನಿಂತವನಲ್ಲ. ಆದರೆ ಬಂದವರನ್ನು ಮಾತಾಡಿಸುವುದು, ನೋಟಿಸ್ ಹಚ್ಚುವುದು, ಅಧ್ಯಕ್ಷರ ಕುರ್ಚಿಯಲ್ಲಿ ಕೂಡುವುದು ಎಲ್ಲ ಅವನೇ. ಕೆಳಗಿನ ಸಭಾಗೃಹದಲ್ಲಿ ಹೆಂಗಸರು ಬಾಲವಾಡಿ ನಡೆಸುತ್ತಾರೆ. ತಾಯಂದಿರು ಕೆಲಸಕ್ಕೆ ಹೋದಾಗ ಇಪ್ಪತ್ತೆರಡು ಮಕ್ಕಳು ಅಲ್ಲಿರುತ್ತವೆ. ಆ ಜಾಗವನ್ನು ಕೋಚಿಂಗ್ ಕ್ಲಾಸಿಗೆ ಕೊಡುವ ನಿರ್ಣಯಕ್ಕೆಂದು ಭಾನುವಾರ ವಿಶೇಷ ಸಭೆ ಕರೆಯಲಾಗಿತ್ತು. ಸಭೆ ನಡೆಸುವವನು ಮಾರ್ತಾಂಡ.

ನಮ್ಮ ಪುಟವನ್ನು ಅವನು ಬೋರ್ಡಿಗೆ ಅಂಟಿಸಿ, ಅಧ್ಯಕ್ಷ ಯಾರು ಎಂಬುದನ್ನು ಪೇಪರಿನವರೇ ತೀರ್ಮಾನ ಮಾಡಿದ್ದಾರೆ, ಇನ್ನು ತಕರಾರು ಸಾಕು ಎಂದು ಮನೆಮನೆಗೆ ಹೇಳಿಕೊಂಡು ಬಂದಿದ್ದನಂತೆ. ಬಾಲವಾಡಿಯ ಪರವಾಗಿದ್ದ ಆರು ಮನೆಯವರು ಸುಮ್ಮನಾಗಿಬಿಟ್ಟಿದ್ದರು.

ನಾನು ಅವಳನ್ನು ಕೂಡಿಸಿ ನೀರು ಕೊಟ್ಟೆ. ಆಮೇಲೆ ರಕ್ಷಿತಾಳ ಮೇಜಿಗೆ ಹೋಗಿ ಇಂಗ್ಲಿಷಿನ ಮೂಲ ಸುದ್ದಿ ತೆಗೆಯಲು ಹೇಳಿದೆ. ರಕ್ಷಿತಾ ಉಡುಪಿ ಕಡೆಯ ಹೋಟೆಲಿನವರ ಮಗಳು, ನಮ್ಮಲ್ಲಿ ಅನುವಾದ ಮಾಡುತ್ತಾಳೆ, ಮರಾಠಿ ರೂಢಿಯಂತೆ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಮೂಲದಲ್ಲಿ ಮಾರ್ತಾಂಡನಿಗೆ 'ಡಿ ಫ್ಯಾಕ್ಟೊ' ಅಧ್ಯಕ್ಷ ಎಂದಿತ್ತು, ಶಿವಬಸವ್ವನಿಗೆ 'ಡಿ ಜ್ಯೂರೆ' ಅಧ್ಯಕ್ಷೆ ಎಂದಿತ್ತು. ಸಮಿತಿಗೆ 'ಆಡ್ ಹಾಕ್' ಎಂದಿತ್ತು. ಮೂರೂ ಲ್ಯಾಟಿನ್ ಮಾತು. ಇಂಗ್ಲಿಷಿನವರು ಬರೆದು ಪಾರಾಗುತ್ತಾರೆ, ಕನ್ನಡಕ್ಕೆ ತರುವಾಗ ಕಾಲು ಜಾರುವುದು ನಮ್ಮದು.

ಡೆಸ್ಕಿನ ಮುಖ್ಯಸ್ಥ ಕಿಶೋರ ಒಳಗಿನಿಂದ ಬಂದವನೇ ನಿಘಂಟು ತೆರೆದ. ಡಿ ಫ್ಯಾಕ್ಟೊ ಎಂದರೆ ವಾಸ್ತವ, ವಾಸ್ತವ ಎಂದರೆ ನಿಜ, ಅನುವಾದದಲ್ಲಿ ತಪ್ಪೇನಿದೆ ಎಂಬುದು ಅವನ ವಾದ. ಅಧಿಕಾರ ನಡೆಸುತ್ತಿರುವವನು ಮಾರ್ತಾಂಡ ಎಂಬುದು ಸುಳ್ಳೇ ಎಂದೂ ಕೇಳಿದ. ಬೇಕಾದರೆ ಏಳನೇ ಪುಟದ ಕೆಳಗೆ 'ವಿಷಾದಿಸುತ್ತೇವೆ' ಎಂದು ಎರಡು ಸಾಲು ಹಾಕೋಣ ಎಂದ.

ನನಗೆ ಮೈ ಉರಿಯಿತು. ಅವನ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

"ಕಿಶೋರ ಸರ್, ನಿಮ್ಮ ಬಾಜೂ ಮನಿಯಂವ ದಿನಾ ಬಂದು ನಿಮ್ಮ ಸೋಫಾದ ಮ್ಯಾಲ ಕುಂತು, ರಿಮೋಟ್ ಹಿಡ್ಕೊಂಡು, ನಿಮ್ಮ ಮಂದಿಗೆ ಚಾ ತಾ ಅಂತಾನ ಅನ್ಕೋರಿ. ಮನಿ ನಡಸಾಂವ ಅಂವ. ಹಂಗಂತ ಮನಿಯ ನಿಜವಾದ ಮಾಲಕ ಅಂತ ನಾಳೆ ಪೇಪರಿನಾಗ ಹಾಕ್ಲೇನ್ರಿ?"

ಪುಟ ಕಟ್ಟುವ ಮೇಜಿನಿಂದ ಯಾರೋ ನಕ್ಕರು. ಕಿಶೋರ ನಗಲಿಲ್ಲ. ಆದರೆ ನಿಘಂಟು ಮುಚ್ಚಿದ.

ನಾನು ಹೇಳಿದ್ದು ಇಷ್ಟೇ. ಕನ್ನಡದಲ್ಲಿ 'ನಿಜವಾದ' ಎಂದರೆ ಹಕ್ಕಿರುವವನು, ಉಳಿದವನು ನಕಲಿ ಎಂದೇ ಜನ ತಿಳಿಯುತ್ತಾರೆ. ಡಿ ಫ್ಯಾಕ್ಟೊ ಅದರ ತಿರುಗಾಮುರುಗಾ. ಹಕ್ಕು ಇದೆಯೋ ಇಲ್ಲವೋ, ಸದ್ಯ ನಡೆಸುತ್ತಿರುವವನು ಎಂದರ್ಥ. ಕಾನೂನು ಯಾರನ್ನು ಒಪ್ಪುತ್ತದೆಯೋ ಅವರು ಡಿ ಜ್ಯೂರೆ. 'ನಾಮಮಾತ್ರ' ಎಂದು ಬರೆದು ನಾವು ಅವಳ ಹಕ್ಕನ್ನೇ ತೊಳೆದು ಹಾಕಿದ್ದೆವು. ಇನ್ನು ಸಮಿತಿ. ಶಿವಬಸವ್ವನನ್ನು ಕೇಳಿದರೆ, ನೀರಿನ ಟ್ಯಾಂಕು ಸೋರುತ್ತಿದ್ದಾಗ ಅದೊಂದೇ ಕೆಲಸಕ್ಕೆ ಮೂವರ ಸಮಿತಿ ಮಾಡಿದ್ದರಂತೆ. ಆಡ್ ಹಾಕ್ ಎಂದರೆ ಅಷ್ಟೇ, ಇಂಥ ಒಂದು ಕೆಲಸಕ್ಕೆಂದು ಮಾಡಿದ್ದು. ಟ್ಯಾಂಕು ರಿಪೇರಿಯಾಗಿ ನಾಲ್ಕು ತಿಂಗಳಾಗಿತ್ತು. ನಾವು ಅದನ್ನು 'ಹಂಗಾಮಿ ಆಡಳಿತ ಸಮಿತಿ' ಮಾಡಿ ಇಡೀ ಸೊಸೈಟಿಯನ್ನು ಅದರ ಕೈಗೆ ಕೊಟ್ಟಿದ್ದೆವು.

ರಕ್ಷಿತಾಳ ಮುಖ ಸಣ್ಣದಾಯಿತು. "ಅಕ್ಕು ಮೌಶಿ, ಹಾಗಾದರೆ ಅರ್ಥ ಮಾಡೋದೇ ಬೇಡ. ಡಿ ಫ್ಯಾಕ್ಟೊ ಅಂತ ಕನ್ನಡ ಅಕ್ಷರದಲ್ಲೇ ಬಿಟ್ಟುಬಿಡೋಣ."

"ಬ್ಯಾಡವ್ವ," ಎಂದಳು ಶಿವಬಸವ್ವ. "ನಮ್ಮ ಬಿಲ್ಡಿಂಗಿನ ಮಂದಿ ಅದು ಡಿಗ್ರಿ ಅಂತ ತಿಳೀತಾರ. ಅಂವ ನಾಳೆ ಬೋರ್ಡ್ ಬರಸ್ತಾನ, ಮಾರ್ತಾಂಡ, ಡಿ ಫ್ಯಾಕ್ಟೊ."

ರಕ್ಷಿತಾಳಿಗೆ ನಗು ತಡೆಯಲಾಗಲಿಲ್ಲ. ಶಿವಬಸವ್ವ ಮಾತ್ರ ನಕ್ಕಿರಲಿಲ್ಲ.

ಸುದ್ದಿ ಬಂದ ಮೂರನೇ ಪುಟದಲ್ಲೇ, ಅದೇ ಜಾಗದಲ್ಲಿ ತಿದ್ದುಪಡಿ ಬರಬೇಕು ಎಂದು ನಾನು ಹಟ ಹಿಡಿದೆ. ಕಿಶೋರ ಗೊಣಗಿ ಒಪ್ಪಿದ. ರಕ್ಷಿತಾ ಟೈಪ್ ಮಾಡಿದಳು, ನಾನು ಓದಿ ಹೇಳಿದೆ. 'ಕಾನೂನು ಪ್ರಕಾರ ಸಂಸ್ಥೆಯ ಅಧ್ಯಕ್ಷೆ ಶಿವಬಸವ್ವ. ಅಧ್ಯಕ್ಷರಾಗಿ ಆಯ್ಕೆಯಾಗದ ಮಾರ್ತಾಂಡ ಅವರು ಸದ್ಯ ಆಡಳಿತ ನಡೆಸುತ್ತಿದ್ದಾರೆ. ಅವರ ಸಮಿತಿ ನೀರಿನ ಟ್ಯಾಂಕಿನ ದುರಸ್ತಿಗೆ ಮಾತ್ರ ರಚನೆಯಾಗಿತ್ತು; ಗುರುವಾರದ ವರದಿಯಲ್ಲಿ ಇವನ್ನು ತಪ್ಪಾಗಿ ಅನುವಾದಿಸಲಾಗಿತ್ತು.'

ಶಿವಬಸವ್ವ ಕೇಳಿ ಎದ್ದು ನಿಂತಳು. ಮೊದಲನೆಯದು ಇರಲಿ, ಮೂರನೆಯದು ಇರಲಿ, ನಡುವಿನ ಸಾಲು ತೆಗೆಯಿರಿ ಎಂದಳು. ಅವನು ಆಡಳಿತ ನಡೆಸುತ್ತಿದ್ದಾನೆ ಎಂದು ಮತ್ತೆ ಅಚ್ಚು ಹಾಕಿದರೆ ತಾನು ಇಲ್ಲಿಗೆ ಬಂದದ್ದು ಯಾತಕ್ಕೆ ಎಂದು ದನಿ ಏರಿಸಿದಳು. ಅವಳ ಸಿಟ್ಟು ಈಗ ನನ್ನ ಮೇಲೆ ತಿರುಗಿತ್ತು.

ತೆಗೆಯುವುದು ಸುಲಭವಿತ್ತು. ನನಗೆ ಅವಳ ಮೇಲೆ ಮಮತೆಯೂ ಇತ್ತು. ಆದರೆ ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದನ್ನು ಅಚ್ಚು ಹಾಕಿದರೆ ಮಾರ್ತಾಂಡ ಅದನ್ನೂ ಹಿಡಿದುಕೊಂಡು ಬರುತ್ತಾನೆ, ಆಗ ಉಳಿದ ಎರಡು ಸಾಲಿಗೂ ಬೆಲೆ ಇರುವುದಿಲ್ಲ.

"ಸೊಸೈಟಿ ಶಿಕ್ಕಾ, ಆ ಮೊಹರು, ಯಾರ ಕಡೆ ಅದ?" ಎಂದು ಕೇಳಿದೆ.

"ಭಾವನವರ ಕಡೆ."

"ಠರಾವು ಬರಿಯೂ ಪುಸ್ತಕ?"

"ಅದೂ ಅವರ ಕಪಾಟಿನಾಗ."

"ಭಾನುವಾರದ ಸಭಾದ ನೋಟಿಸಿಗೆ ಸಹಿ ಯಾರದು?"

ಆ ಪ್ರಶ್ನೆಗೆ ಅವಳ ಕಣ್ಣು ನೆಲಕ್ಕೆ ಹೋಯಿತು. ಸಹಿ ಅವಳದೇ. ಅಧ್ಯಕ್ಷೆಯಾದ ವಾರದಲ್ಲೇ, ನೀನು ಕೆಲಸಕ್ಕೆ ಹೋಗುವವಳು, ಪದೇ ಪದೇ ಯಾಕೆ ತೊಂದರೆ ಎಂದು ಮಾರ್ತಾಂಡ ಹತ್ತು ಖಾಲಿ ಲೆಟರ್‌ಹೆಡ್ ಮುಂದಿಟ್ಟಿದ್ದ. ಗಂಡನ ಅಣ್ಣ ಕೇಳಿದಾಗ ಇಲ್ಲ ಎನ್ನುವುದು ಹೇಗೆಂದು ಅವಳು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಹತ್ತಕ್ಕೂ ಸಹಿ ಹಾಕಿದ್ದಳು. ತನ್ನ ಸಹಿಯ ನೋಟಿಸನ್ನು ಅವಳೂ ಉಳಿದವರಂತೆ ಬೋರ್ಡಿನ ಮೇಲೆಯೇ ಓದಿದ್ದಳು.

"ಹಂಗಾದ್ರ ನಡುವಿನ ಸಾಲು ಸುಳ್ಳಲ್ಲ, ಶಿವಬಸವ್ವಾ. ನಮ್ಮ ತಪ್ಪು ನಾ ತಿದ್ದತೀನಿ. ಅಲ್ಲಿ ನಡ್ಯೂದನ್ನ ನನಗ ತಿದ್ದಾಕ ಬರೂದಿಲ್ಲ."

ಅವಳು ಮೇಜಿನ ಮೇಲಿದ್ದ ಹಾಳೆಯನ್ನು ಕಿತ್ತುಕೊಂಡಳು. ಹೊಡೆದುಬಿಡುತ್ತಾಳೇನೋ ಅನಿಸಿತು. ಆದರೆ ಅದನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿದಳು.

"ಹಾಕ್ರಿ. ಇದ್ದದ್ದು ಇದ್ದಂಗ ಹಾಕ್ರಿ," ಎಂದು ಹೊರಟುಹೋದಳು.

ಶನಿವಾರ ತಿದ್ದುಪಡಿ ಬಂತು. ಭಾನುವಾರ ನನಗೆ ರಜೆ. ಮನೆಯಲ್ಲಿ ಕೂಡಲಾಗದೆ ಬಸ್ಸು ಹಿಡಿದು ಧನಕವಡಿಗೆ ಹೋದೆ.

ಸಭಾಗೃಹದಲ್ಲಿ ಮಕ್ಕಳ ಚಾಪೆಗಳನ್ನು ಸುತ್ತಿ ಮೂಲೆಗಿಟ್ಟಿದ್ದರು. ಜನ ತುಂಬಿದ್ದರು. ಮಾರ್ತಾಂಡ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಗುರುವಾರದ ಸುದ್ದಿಯ ಇನ್ನೊಂದು ಪ್ರತಿಯನ್ನು ಓದುತ್ತಿದ್ದ. 'ನಿಜವಾದ' ಎಂಬಲ್ಲಿಗೆ ಬಂದಾಗ ಕನ್ನಡಕದ ಮೇಲಿನಿಂದ ಜನರನ್ನು ನೋಡಿದ. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು.

ಆಗ ಶಿವಬಸವ್ವ ಒಳಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದಳು. ಕಂಕುಳಲ್ಲಿ ಠರಾವು ಪುಸ್ತಕ, ಕೈಯಲ್ಲಿ ಶಿಕ್ಕಾ ಮತ್ತು ಶಾಯಿಯ ಡಬ್ಬಿ. ಶುಕ್ರವಾರ ಸಂಜೆಯೇ ಅವಳು ಮಾರ್ತಾಂಡನ ಮನೆಗೆ ಹೋಗಿ, ಅವನ ಹೆಂಡತಿಯ ಎದುರೇ ಕಪಾಟು ತೆರೆಸಿ, ಉಳಿದ ಆರು ಖಾಲಿ ಲೆಟರ್‌ಹೆಡ್‌ಗಳನ್ನು ಹರಿದು ಬಂದಿದ್ದಳೆಂದು ಪಕ್ಕದ ಹೆಂಗಸು ನನಗೆ ಹೇಳಿದಳು. ಶಿಕ್ಕಾ ಹೋದ ಸಂಗತಿಯನ್ನು ಮಾರ್ತಾಂಡ ಯಾರಿಗೂ ಹೇಳಿಕೊಂಡಿರಲಿಲ್ಲ.

"ಏಳ್ರಿ ಭಾವ," ಎಂದಳು.

ಅವನು ಏಳಲಿಲ್ಲ. ಹೆಂಗಸರು ಮನೆಯ ಮಾತನ್ನು ಮನೆಯಲ್ಲಿ ಆಡಬೇಕು, ನಾಲ್ಕು ಮಂದಿಯ ಎದುರು ಹಿರಿಯರನ್ನು ಎಬ್ಬಿಸುವುದು ಯಾವ ಸಂಸ್ಕಾರ ಎಂದು ನಗುತ್ತಲೇ ಹೇಳಿದ. ಗಂಡಸರು ಕೆಲವರು ತಲೆದೂಗಿದರು. ಶಿವಬಸವ್ವ ತನ್ನ ಗಂಡನ ಕಡೆ ನೋಡಲಿಲ್ಲ, ಅವನೂ ಮೇಲೆ ನೋಡಲಿಲ್ಲ.

"ಮನ್ಯಾಗ ನೀವು ಹಿರ್ಯಾರು. ಊಟಕ್ಕ ಮೊದಲ ನಿಮಗ ಬಡಸ್ತೀನಿ. ಇದು ಸೊಸೈಟಿ. ಟ್ಯಾಂಕ್ ಸೋರೂದು ನಿಂತು ನಾಕು ತಿಂಗಳಾತು, ನಿಮ್ಮ ಸಮಿತಿ ಅವತ್ತ ಮುಗೀತು. ಈ ಕುರ್ಚಿ ನಂದು. ಏಳ್ರಿ."

ಹಿಂದಿನಿಂದ ಒಬ್ಬಳು ಶನಿವಾರದ ಪೇಪರನ್ನು ಎತ್ತಿ ಹಿಡಿದು ನಮ್ಮ ಮೂರು ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಸುಮ್ಮನಾಗಿದ್ದ ಆರು ಮನೆಯವರಲ್ಲಿ ಒಬ್ಬ ಎದ್ದು ನಿಂತ. ಆಮೇಲೆ ಇನ್ನೊಬ್ಬ.  ಮಾರ್ತಾಂಡ ಎದ್ದು ಯಾರ ಮುಖವನ್ನೂ ನೋಡದೆ ಬಾಗಿಲ ಹತ್ತಿರ ಹೋಗಿ ನಿಂತ.

ಮತ ಎಣಿಸಿದಾಗ ಸಭಾಗೃಹ ಬಾಲವಾಡಿಗೇ ಉಳಿಯಿತು, ಎರಡು ಮತ ಹೆಚ್ಚಿಗೆ. ಶಿವಬಸವ್ವ ಪುಸ್ತಕದಲ್ಲಿ ತಾನೇ ನಿಧಾನವಾಗಿ ಠರಾವು ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿದಳು. ಮೇಜು ಅಲುಗುವಷ್ಟು ಜೋರಾಗಿ ಒತ್ತಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

ನಾನು ಹೊರಡುವಾಗ ಕರೆದು ನಮ್ಮ ತಿದ್ದುಪಡಿಯನ್ನು ಮುಂದೆ ಹಿಡಿದಳು. ನಡುವಿನ ಸಾಲಿನ ಕೊನೆಯ ಶಬ್ದಕ್ಕೆ ಶಿಕ್ಕಾದ ನೀಲಿ ಶಾಯಿ ಹತ್ತಿದ ಬೆರಳನ್ನು ಒತ್ತಿದಳು.

"ನಡೆಸುತ್ತಿದ್ದಾರೆ ಅಂತ ಅದ. ನಡೆಸುತ್ತಿದ್ದರು ಅಂತ ಆಗಬೇಕು. ಇದನ್ನೂ ತಿದ್ರಿ."

ಸೋಮವಾರ ನಾನು ಮೊದಲು ಮಾಡಿದ ಕೆಲಸ ಅದೇ.