ಎರಡನೇ ಅರ್ಜಿ

ಯಶೋಧರಾ ಅವತ್ತೂ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದನ್ನು ಕಂಡು ಅವಳ ಅಣ್ಣ ಯೋಗಾನಂದ ಮುದ್ದೆ ಮುರಿಯುತ್ತಲೇ ನಕ್ಕ. ಅದಕ್ಕೊಂದು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕು ಎಂದ. ಅತ್ತಿಗೆ ವನಜಾಕ್ಷಿ ಸಾರಿನ ಪಾತ್ರೆಯನ್ನು ಗಂಡನ ಕಡೆಗೇ ತಳ್ಳಿ ತಾನೂ ನಕ್ಕಳು. ನಗುವಂಥದ್ದು ಆ ಪರದೆಯ ಮೇಲೆ ಏನೂ ಇರಲಿಲ್ಲ. ವಾಸಸ್ಥಳ ದೃಢೀಕರಣ ಪತ್ರಕ್ಕೆ ಹಾಕಿದ ಅರ್ಜಿ, ಅದರ ನಂಬರು, ಅದರ ಕೆಳಗೆ ‘ಪೆಂಡಿಂಗ್’ ಎಂಬ ಒಂದು ಮಾತು. ಹೋದ ವಾರವೂ ಅದೇ ಮಾತಿತ್ತು.

ಅಜ್ಜಂಪುರದಿಂದ ಎರಡು ಸ್ಟಾಪ್ ಆಚೆಗಿರುವ ಅವರ ಊರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯ ಹುದ್ದೆ ಖಾಲಿ ಬಿದ್ದಿತ್ತು. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು, ಶನಿವಾರ ಕೊನೆಯ ದಿನ. ಹಾಕುವವಳು ಅದೇ ಊರಿನವಳಾಗಿರಬೇಕು, ಅದಕ್ಕೆ ನಾಡಕಚೇರಿಯ ಪತ್ರ ಅಪ್‌ಲೋಡ್ ಮಾಡಬೇಕು. ಯಶೋಧರಾ ಪಿಯುಸಿ ಪಾಸಾದವಳು. ಯಗಟಿಯ ಗಂಡ ಹೇಮಂತನಿಂದ ಕಡೂರಿನ ಕೋರ್ಟಿನಲ್ಲಿ ಬಿಡುಗಡೆ ಪಡೆದು ತವರಿಗೆ ಬಂದು ವರ್ಷ ಕಳೆದಿತ್ತು. ಬಂದಾಗಿನಿಂದ ಉಂಡದ್ದೆಲ್ಲ ಹಂಗಿನ ಅನ್ನ. ಸಂಬಳ ಅಂತ ಒಂದು ಬಂದರೆ ಅದೇ ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ತನ್ನ ಒಲೆ ತಾನು ಹಚ್ಚಿಕೊಳ್ಳಬೇಕು, ಅತ್ತಿಗೆ ಸಾರಿನ ಸೌಟನ್ನು ಅಳೆದು ಹಾಕುವುದನ್ನು ನೋಡುತ್ತ ಕೂರುವುದು ತಪ್ಪಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಅದು ಬೇಕೇ ಬೇಕಾಗಿತ್ತು.

ಸ್ಕ್ರೀನ್‌ಶಾಟಿನ ಚಾಳಿ ಅವಳಿಗೆ ಸುಮ್ಮನೆ ಅಂಟಿದ್ದಲ್ಲ. ಯಗಟಿಯಲ್ಲಿದ್ದಾಗ ನಿನ್ನ ಡಿಗ್ರಿ ಪರೀಕ್ಷೆಗೆ ಫೀಸು ಕಟ್ಟಿಬಿಟ್ಟೆ ಎಂದು ಹೇಮಂತ ಮೊಬೈಲಿನಲ್ಲಿ ಒಂದು ಹಸಿರು ಗುರುತು ತೋರಿಸಿದ್ದ. ಅದರಲ್ಲಿ ಹೆಸರಿರಲಿಲ್ಲ, ನಂಬರಿರಲಿಲ್ಲ. ಗಂಡನನ್ನು ನಂಬಿದ ಹೆಂಗಸು ನಂಬರು ಕೇಳುವುದುಂಟೇ? ಪರೀಕ್ಷೆಯ ದಿನ ಕೋಣೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಅವತ್ತಿನಿಂದ ಅವಳು ಹಸಿರು ಗುರುತನ್ನು ನಂಬುವುದನ್ನು ಬಿಟ್ಟಳು. ಈಗ ಅರ್ಜಿ ಹಾಕಿದರೆ ಸ್ವೀಕೃತಿ ಚೀಟಿಯನ್ನು ಇಳಿಸಿಕೊಳ್ಳುತ್ತಾಳೆ, ನಂಬರೂ ತಾರೀಖೂ ಕಾಣುವ ಹಾಗೆ ಪೂರ್ತಿ ಪುಟದ ಚಿತ್ರ ಹಿಡಿಯುತ್ತಾಳೆ, ಮೊಬೈಲಿಗೆ ಬಂದ ಮೆಸೇಜನ್ನು ಅಳಿಸುವುದಿಲ್ಲ, ಎಲ್ಲವನ್ನೂ ತನ್ನ ಇಮೇಲಿಗೇ ಒಂದು ಸಲ ಕಳಿಸಿಕೊಳ್ಳುತ್ತಾಳೆ. ನಗುವವರು ನಗಲಿ.

ಸೋಮವಾರ ಅವಳು ಹೋಬಳಿಯ ನಾಡಕಚೇರಿಗೆ ಹೋದಳು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುವುದು ಇಂಥ ಕಚೇರಿಗಳನ್ನು ಕಂಡೇ ಹುಟ್ಟಿದ ಮಾತಿರಬೇಕು. ಕಂಪ್ಯೂಟರಿನ ಮುಂದೆ ಕೂತಿದ್ದ ಆನಂದ್ ಅವಳ ಮುಖವನ್ನೂ ನೋಡದೆ, ಪೆಂಡಿಂಗ್ ಇದೆಯಲ್ಲಮ್ಮ, ಅದನ್ನು ಬಿಟ್ಟು ಹೊಸದಾಗಿ ಹಾಕು ಎಂದ. ಹೊಸದು ಹಾಕಿದರೆ ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಸಕಾಲ ಕಾಯ್ದೆಯ ಪ್ರಕಾರ ಹಳೆಯದರ ಗಡುವು ಇವತ್ತಿಗೆ ಮುಗಿಯಿತು, ಚೀಟಿಯಲ್ಲೇ ಬರೆದಿದೆ ಎಂದಳು ಅವಳು. ಆಗ ಅವನು ಮುಖ ನೋಡಿದ. ನೋಟ ಚೆನ್ನಾಗಿರಲಿಲ್ಲ. ಗ್ರಾಮ ಆಡಳಿತಾಧಿಕಾರಿ ರುದ್ರಮೂರ್ತಿ ಸ್ಥಳ ನೋಡಿ ವರದಿ ಹಾಕಬೇಕು, ಅವರು ಯಾವಾಗ ಹಾಕುತ್ತಾರೋ ಅವಾಗ, ಕಾನೂನು ಗೊತ್ತಿದ್ದರೆ ಮನೆಯಲ್ಲೇ ಇಟ್ಟುಕೋ ಎಂದು ಮುಂದಿನವರನ್ನು ಕರೆದ.

ಮನೆಗೆ ಬಂದು ಇದನ್ನೆಲ್ಲ ತಾಯಿ ಭಾಗಮ್ಮನಿಗೆ ಹೇಳುವಾಗ ಯೋಗಾನಂದ ಜಗಲಿಯಲ್ಲೇ ಕೂತಿದ್ದ. ಹೊಸದು ಹಾಕಿದರೆ ಎಲ್ಲ ಹಿಂದೆ ಬೀಳುತ್ತದೆ, ಅದಕ್ಕೇ ಹಾಕಲಿಲ್ಲ ಎಂದು ಅವಳು ಹೇಳಿದ್ದನ್ನು ಅವನು ಕಿವಿಗೊಟ್ಟು ಕೇಳಿದ. ಅವನು ಹಾಗೆ ತಂಗಿಯ ಮಾತಿಗೆ ಕಿವಿಗೊಟ್ಟಿದ್ದು ಅಪರೂಪ. ಅವಳಿಗೆ ಅದು ಆಗ ಹೊಳೆಯಲಿಲ್ಲ.

ಗುರುವಾರ ಮತ್ತೆ ಹೋದಾಗ ಆನಂದ್ ತಾನಾಗಿಯೇ ಕರೆದ. ಅವನ ಮುಖದಲ್ಲಿ ಹಬ್ಬದ ಕಳೆ.

“ನಿನ್ನೆ ಇನ್ನೊಂದು ಹಾಕಿದ್ದೀಯಲ್ಲಮ್ಮ. ಒಂದೇ ಹೆಸ್ರು, ಒಂದೇ ವಿಳಾಸ, ಎರಡು ಅರ್ಜಿ. ಹಳೇದು ವಜಾ ಆಗುತ್ತೆ. ಹೊಸದಕ್ಕೆ ಕಾಯಿ.”

ಹೊಸದಕ್ಕೆ ಕಾಯುತ್ತ ಕೂತರೆ ಶನಿವಾರ ಬಂದು ಹೋಗುತ್ತದೆ. ತಾನು ಹಾಕಿಲ್ಲ ಎಂದಳು ಯಶೋಧರಾ. ಹಾಕದೆ ತಾನೇ ಹುಟ್ಟುತ್ತದಾ ಎಂದು ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ತಿರುಗಿಸಬಾರದಿತ್ತು. ಅವಳ ಹೆಸರು, ತಂದೆ ಉಗ್ರಪ್ಪನ ಹೆಸರು, ಮನೆಯ ವಿಳಾಸ ಎಲ್ಲ ಸರಿಯಾಗಿದ್ದವು. ರೇಷನ್ ಕಾರ್ಡು, ಆಧಾರಿನ ಜೆರಾಕ್ಸು ಮನೆಯ ಟ್ರಂಕಿನಲ್ಲೇ ಇರುತ್ತವೆ, ಕೈಗೆ ಸಿಗದ್ದೇನಲ್ಲ. ಆದರೆ ಮೊಬೈಲ್ ನಂಬರು ಅವಳದಲ್ಲ. ಅಜ್ಜಂಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ ನಂಬರು ಅದು. ಅಂಗಡಿ ಅವಳ ಅಣ್ಣನದು.

ಅವಳ ಮೈ ಉರಿಯಿತು. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ತಾನು ಹೇಳಿದ ಮಾತನ್ನೇ ಅಣ್ಣ ಕತ್ತಿ ಮಾಡಿಕೊಂಡಿದ್ದ. ಅವಳು ಎರಡನೇ ಅರ್ಜಿಯ ನಂಬರನ್ನು ಕೈಯ ಮೇಲೆ ಬರೆದುಕೊಂಡು ನೇರ ಒಳಕೋಣೆಗೆ, ಉಪ ತಹಶೀಲ್ದಾರರ ಮೇಜಿನ ಮುಂದಕ್ಕೆ ನಡೆದಳು. ಆನಂದ್ ಹಿಂದೆಯೇ ಓಡಿ ಬಂದ.

ಉಪ ತಹಶೀಲ್ದಾರರು ಊಟಕ್ಕೆ ಏಳುವುದರಲ್ಲಿದ್ದ ದಪ್ಪ ಕನ್ನಡಕದ ಹೆಂಗಸು. ಯಶೋಧರಾ ಮೊದಲ ಅರ್ಜಿಯ ಸ್ಕ್ರೀನ್‌ಶಾಟ್ ತೆರೆದು ಮೊಬೈಲ್ ಮುಂದಿಟ್ಟಳು. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ಮಾಡಬಹುದು ಮೇಡಮ್, ಅದಕ್ಕೇನು ಬೆಲೆ ಎಂದು ಆನಂದ್ ಬಾಯಿ ಹಾಕಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಿತ್ರ ನಂಬಬೇಡಿ, ಚಿತ್ರದಲ್ಲಿರುವ ನಂಬರನ್ನು ನಿಮ್ಮ ಕಂಪ್ಯೂಟರಿಗೇ ಹಾಕಿ ನೋಡಿ ಎಂದಳು ಯಶೋಧರಾ. ಅವರು ಹಾಕಿ ನೋಡಿದರು. ಹಾಕಿದ ತಾರೀಖು ಬಂತು, ಕೊಟ್ಟ ದಾಖಲೆಗಳ ಹೆಸರು ಬಂತು, ಯಾರ ಬಳಿ ನಿಂತಿದೆ ಎಂಬುದೂ ಬಂತು.

“ಮೇಡಮ್, ಇದ್ರ ಗಡುವು ಸೋಮವಾರ ಮುಗ್ದೈತೆ. ಎರಡನೇದು ಹುಟ್ಟಿರೋದೇ ಬುಧವಾರ. ಅದು ನಂದಲ್ಲ, ನಂಬರೂ ನಂದಲ್ಲ, ಬರ್ಕೊಡ್ತೀನಿ. ಬುಧವಾರದ ಅರ್ಜಿ ನೋಡಿ ಸೋಮವಾರವೇ ಗಡುವು ಮುಗ್ದಿದ್ದನ್ನ ವಜಾ ಮಾಡ್ತೀವಿ ಅಂತ ನೀವೂ ಹಿಂಬರಹ ಬರ್ಕೊಡಿ. ಈ ಚೀಟಿ ಇಟ್ಕೊಂಡು ಸಕಾಲ ಕಾಯ್ದೆ ಪ್ರಕಾರ ಮೇಲ್ಮನವಿ ಹಾಕ್ತೀನಿ.”

ಹಿಂಬರಹ ಎಂಬ ಮಾತು ಕೇಳಿದ್ದೇ ಅವರು ಬಿಳಿ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದರು. ಉಪ ತಹಶೀಲ್ದಾರರು ಅವಳನ್ನು ಮೆಚ್ಚಿಕೊಂಡರು ಅಂದುಕೊಳ್ಳಬೇಡಿ. ಊಟ ಕೆಡಿಸಿದವಳನ್ನು ಯಾರು ಮೆಚ್ಚುತ್ತಾರೆ? ಎರಡನೆಯದು ತನ್ನದಲ್ಲ ಎಂದು ಅವಳಿಂದ ಬರೆಸಿಕೊಂಡರು, ರುದ್ರಮೂರ್ತಿಗೆ ಫೋನ್ ಮಾಡಿ ಇವತ್ತೇ ಸ್ಥಳ ನೋಡಿ ವರದಿ ಹಾಕಿ ಎಂದು ಗದರಿದರು, ಇನ್ನು ಹೊರಡಮ್ಮ ಎಂದರು. ಅವಳು ಬಾಗಿಲು ದಾಟುವಾಗ, ಇಂಥವರಿಂದ ನಮಗೆ ಕೆಲಸ ಎಂದು ಆನಂದ್ ಗೊಣಗಿದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಸಂಜೆ ರುದ್ರಮೂರ್ತಿ ಬೈಕಿನಲ್ಲಿ ಬಂದ. ಗದರಿಸಿಕೊಂಡ ಸಿಟ್ಟು ಅವನ ಮುಖದ ಮೇಲೇ ಇತ್ತು. ಕೊಟ್ಟ ಹೆಣ್ಣು ಈ ಊರಿನವಳು ಅಂತ ನಾನು ಹೇಗೆ ಬರೆಯಲಿ, ಯಗಟಿಯವಳಲ್ಲವೇ ಎಂದು ಅಂಗಳದಲ್ಲಿ ನಿಂತೇ ಕೇಳಿದ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಯಶೋಧರಾ ಕೋರ್ಟಿನ ಆದೇಶದ ಜೆರಾಕ್ಸ್ ಕೊಟ್ಟಳು. ಅದನ್ನು ಮಡಚಿಟ್ಟುಕೊಂಡು ಅವನು ಮನೆಯ ಗಂಡಸಿನ ಕಡೆ ತಿರುಗಿದ. ಇವರು ಇಲ್ಲಿ ವಾಸ ಇದ್ದಾರಾ ಎಂದ. ಬಂದು ಹೋಗಿ ಮಾಡುತ್ತಾಳೆ ಎಂದ ಯೋಗಾನಂದ, ನೆಲ ನೋಡುತ್ತ.

ಒಳಗೆ ಬುದ್ಧನ ಪಟಕ್ಕೆ ದೀಪ ಹಚ್ಚುತ್ತಿದ್ದ ಭಾಗಮ್ಮ ಬೆಂಕಿಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು. ಮಗನ ಮನೆಯಲ್ಲಿ ಬಾಯಿ ಹೊಲಿದುಕೊಂಡು ಬಾಳಿದ ಮುದುಕಿ ಅವಳು.

“ಎಲ್ಲಿಗ್ ಹೋಗ್ತಾಳೆ ಸ್ವಾಮಿ? ಬಂದಾಗಿಂದ ನನ್ ಮಗ್ಗುಲಲ್ಲೇ ಮಲಗ್ತಾಳೆ. ಬರ್ಕೊಳ್ಳಿ” ಎಂದಳು. ಪಕ್ಕದ ಮನೆಯ ಕರಿಬಸಮ್ಮನೂ ಹೌದೆಂದು ಹೆಬ್ಬೆಟ್ಟೊತ್ತಿದಳು. ರುದ್ರಮೂರ್ತಿಗೆ ಬರೆಯದೆ ವಿಧಿಯಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ‘ಪೆಂಡಿಂಗ್’ ಹೋಗಿ ಪತ್ರ ಬಂತು. ಯಶೋಧರಾ ಅವತ್ತೇ ಅಜ್ಜಂಪುರಕ್ಕೆ ಹೋಗಿ, ಕಂಪ್ಯೂಟರ್ ಸೆಂಟರಿನವನ ಪಕ್ಕದಲ್ಲೇ ನಿಂತು, ತನ್ನ ಮೊಬೈಲ್ ನಂಬರನ್ನೇ ಹಾಕಿಸಿ ಅಂಗನವಾಡಿಯ ಅರ್ಜಿ ಮುಗಿಸಿದಳು. ಅದರ ನಂಬರನ್ನೂ ಹಿಡಿದಿಟ್ಟುಕೊಂಡಳು. ಹುದ್ದೆ ಸಿಗುತ್ತದೋ ಬಿಡುತ್ತದೋ, ಅದು ಮುಂದಿನ ಮಾತು. ಈಗಂತೂ ಯಾರೂ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರಿಲ್ಲ ಎನ್ನುವ ಹಾಗಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಯಾರೋ ನನ್ನ ಹೆಸರಿನಲ್ಲಿ ಇನ್ನೊಂದು ಅರ್ಜಿ ಹಾಕಿದ್ದರಂತೆ ಎಂದಷ್ಟೇ ಅವಳು ತಾಯಿಗೆ ಹೇಳಿದಳು. ಅಣ್ಣನ ಕಡೆ ನೋಡಲಿಲ್ಲ. ಯೋಗಾನಂದನ ಕೈಯಲ್ಲಿದ್ದ ತುತ್ತು ನಿಂತಿತು. ಆ ತರೀಕೆರೆ ಸೆಂಟರಿನವನು ಏನು ಹೇಳಿದ ಎಂದು ಕೇಳಿದ. ತರೀಕೆರೆಯ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಭಾಗಮ್ಮ ಮಗನ ಮುಖವನ್ನೇ ನೋಡಿದಳು. ವನಜಾಕ್ಷಿ ಎದ್ದು ಅಡುಗೆಮನೆಗೆ ಹೋದಳು.

ಸಿಕ್ಕಿಬಿದ್ದ ಮೇಲೆ ಅವನಿಗೆ ನಾಚಿಕೆಯಾಗಲಿಲ್ಲ, ಕೋಪ ಬಂತು. ಹೌದು, ಹಾಕಿಸಿದೆ ಎಂದ. ಇವತ್ತು ಈ ಮನೆಯ ವಿಳಾಸಕ್ಕೆ ಪತ್ರ, ನಾಳೆ ಈ ಮನೆಯಲ್ಲೇ ಪಾಲು, ನನಗೆ ತಿಳಿಯುವುದಿಲ್ಲವಾ ಎಂದ. ಅಪ್ಪ ಸತ್ತ ಮೇಲೆ ಸೂರು ರಿಪೇರಿ ಮಾಡಿಸಿದವನು ನಾನು, ನೀನಲ್ಲ ಎಂದು ತಟ್ಟೆ ತಳ್ಳಿದ. ಆ ಪತ್ರಕ್ಕೂ ಮನೆಯ ಪಾಲಿಗೂ ಸಂಬಂಧವೇ ಇಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವನು ನಂಬುತ್ತಿರಲಿಲ್ಲ.

ಯಶೋಧರಾ ಕೈ ತೊಳೆದು ಬಂದಳು. ಮೊಬೈಲ್ ತೆಗೆದು ಎರಡನೇ ಅರ್ಜಿಯ ನಂಬರು ಹಾಕಿ, ವಜಾ ಎಂದು ಬಂದ ಪುಟವನ್ನು ಅಣ್ಣನ ಎದುರಿಗೇ ಸ್ಕ್ರೀನ್‌ಶಾಟ್ ಹಿಡಿದಳು. ಈ ಸಲ ಅವನು ನಗಲಿಲ್ಲ.

“ಪಾಲಿನ ಯೋಚ್ನೆ ನಂಗೆ ಇರ್ಲೇ ಇಲ್ಲ ಕಣಣ್ಣ. ಒಂದು ಕೋಣೆ ಹಿಡ್ಕೊಂಡು ಹೊಂಟೋಗ್ತಿದ್ದೆ” ಎಂದಳು. “ಮನೆ ಖಾತೆ ಇನ್ನೂ ಅಪ್ಪನ ಹೆಸ್ರಲ್ಲೇ ಐತೆ ಅನ್ನೋದನ್ನ ನೀನೇ ಅರ್ಜಿ ಹಾಕಿ ನೆನಪು ಮಾಡ್ದೆ.”