ಎರಡು ಕ್ರೆಡಿಟ್ಟಿನ ಪತ್ರಿಕೆ

ಬಿ.ಎಡ್. ಪಠ್ಯಕ್ರಮದಲ್ಲಿ ‘ಶೈಕ್ಷಣಿಕ ತಂತ್ರಜ್ಞಾನ’ ಎಂಬ ಪತ್ರಿಕೆಯೊಂದಿದೆ. ಅದನ್ನು ಬರೆದವನು ನಾನು, ದಾಶರಥಿ ಪಾಣಿ. ಒಮ್ಮೆಯಲ್ಲ, ತಿದ್ದುವ ಸರದಿ ಬಂದಾಗಲೆಲ್ಲ. ನಾನು ಬರೆದ ಘಟಕಗಳನ್ನು ಸಾಲಾಗಿ ಹಾಸಿದರೆ ಕಾಲು ಒದ್ದೆಯಾಗದೆ ಮಹಾನದಿಯ ಆಚೆ ದಡ ಸೇರಬಹುದು. ಪಶ್ಚಿಮ ಒಡಿಶಾದಲ್ಲಿ ಇಂದು ಪಾಠ ಹೇಳುತ್ತಿರುವ ಮೇಷ್ಟ್ರುಗಳಲ್ಲಿ ಮುಕ್ಕಾಲು ಪಾಲು ನನ್ನ ವಾಕ್ಯಗಳನ್ನು ಬಾಯಿಪಾಠ ಮಾಡಿ ಪಾಸಾದವರು. ಉಳಿದವರು ಅವೇ ವಾಕ್ಯಗಳನ್ನು ತಪ್ಪುತಪ್ಪಾಗಿ ಬರೆದು ಪಾಸಾದವರು.

ಈ ಪತ್ರಿಕೆಯ ಐದನೆಯ ಘಟಕಕ್ಕೆ ‘ಇತ್ತೀಚಿನ ಪ್ರವೃತ್ತಿಗಳು’ ಎಂಬ ಹೆಸರಿಟ್ಟವನೂ ನಾನೇ. ಹೊಸದಾಗಿ ಏನು ಬಂದರೂ ಅದರೊಳಗೆ ತುರುಕುತ್ತ ಬಂದೆವು. ಮೊದಲು ತುರುಕಿದ ಇತ್ತೀಚಿನವಕ್ಕೆ ಈಗ ಮೊಮ್ಮಕ್ಕಳಾಗಿವೆ. ಯಾವ ಕಾಲೇಜಿನಲ್ಲೂ ಐದನೆಯ ಘಟಕದವರೆಗೆ ಪಾಠ ಹೋಗುವುದಿಲ್ಲ, ಅಷ್ಟರೊಳಗೆ ಪರೀಕ್ಷೆ ಬಂದುಬಿಡುತ್ತದೆ. ಹಾಗಾಗಿ ಯಾರಿಂದಲೂ ದೂರು ಬಂದಿಲ್ಲ. ಅದನ್ನು ಓದಿ, ಪಾಠ ಮಾಡಿ, ಪ್ರಶ್ನೆ ಕೇಳಿದ ಏಕೈಕ ಪ್ರಾಣಿ ಬನಜಾ ಭೋಇ.

ಬನಜಾ ನನ್ನ ಹಳೆಯ ವಿದ್ಯಾರ್ಥಿನಿ. ಒಂಬತ್ತು ವರ್ಷದಿಂದ ನಮ್ಮ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕಿ. ಅಷ್ಟು ಕಾಲ ಉಳಿದ ಅತಿಥಿಯನ್ನು ಬೇರೆ ಮನೆಯಲ್ಲಾದರೆ ಯಜಮಾನಿ ಅನ್ನುತ್ತಿದ್ದರು. ನಮ್ಮಲ್ಲಿ ಪ್ರತಿ ಜುಲೈಗೆ ಹೊಸದಾಗಿ ಕರೆಯುತ್ತಾರೆ. ಅವಳಿಗೆ ವಿಜ್ಞಾನ ಬೋಧನಾ ವಿಧಾನದಲ್ಲಿ ವಾರಕ್ಕೆ ನಾಲ್ಕು ಗಂಟೆ, ಈ ಪತ್ರಿಕೆಯಲ್ಲಿ ನಾಲ್ಕು, ಒಟ್ಟು ಎಂಟು. ಎಂಟಕ್ಕಿಂತ ಕಡಿಮೆಯಾದರೆ ಕಾಲೇಜು ಅತಿಥಿಯನ್ನು ಕರೆಯುವುದಿಲ್ಲ, ಇರುವವರಿಗೇ ಹಂಚಿಬಿಡುತ್ತದೆ.

ಆ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಶಾಲಾ ತರಬೇತಿಯ ಅವಧಿ ಹೆಚ್ಚಿಸಬೇಕು, ಅದಕ್ಕಾಗಿ ಶೈಕ್ಷಣಿಕ ತಂತ್ರಜ್ಞಾನವನ್ನು ನಾಲ್ಕು ಕ್ರೆಡಿಟ್ಟಿನಿಂದ ಎರಡಕ್ಕೆ ಇಳಿಸಬೇಕು, ಪಠ್ಯಕ್ರಮವನ್ನು ಅಧ್ಯಯನ ಮಂಡಳಿ ತಿದ್ದಿ ಕಳಿಸಬೇಕು.

ಬನಜಾ ಬಂದು ನನ್ನ ಮೇಜಿನ ಎದುರು ನಿಂತಳು. ಫ್ಯಾನು ಕೂಡ ಸುಸ್ತಾಗಿ ಒಂದೊಂದೇ ಸುತ್ತು ಹಾಕುತ್ತಿತ್ತು.

“ಸಾರ್, ಎರಡು ಕ್ರೆಡಿಟ್ ಅಂದ್ರೆ ಎರಡು ಗಂಟೆ. ನಂದು ಆರಾಗುತ್ತೆ.”

“ನಾನಿರೋವರೆಗೂ ನಿಂಗೇನಮ್ಮ ಯೋಚನೆ? ನಾನು ಒಂದೇ ಸಾಲು ಬರೆದು ಇಡೀ ಸುತ್ತೋಲೆ ತಲೆಕೆಳಗು ಮಾಡ್ತೀನಿ.”

“ಹೋದ ಸಲಾನೂ ಹಂಗೇ ಅಂದಿದ್ರಿ.”

“ಹೋದ ಸಲ ಏನಾಯ್ತು?”

“ಹೋದ ಸಲ ಏನೂ ಆಗ್ಬೇಕಾಗಿರ್ಲಿಲ್ಲ ಸಾರ್.”

ಆದರೆ ಈ ಸಲ ನನ್ನ ತಲೆಯಲ್ಲಿ ನಿಜವಾಗಿಯೂ ಸಾಲೊಂದಿತ್ತು. ಒಂದು ಕ್ರೆಡಿಟ್ಟಿನ ಥಿಯರಿಗೆ ವಾರಕ್ಕೆ ಒಂದು ಗಂಟೆ. ಅದೇ ಕ್ರೆಡಿಟ್ಟು ಪ್ರಾಯೋಗಿಕವಾದರೆ ಎರಡು ಗಂಟೆ. ಜೊತೆಗೆ ಪ್ರಾಯೋಗಿಕಕ್ಕೆ ಐವತ್ತು ಜನರನ್ನು ಒಟ್ಟಿಗೆ ಕೂರಿಸುವಂತಿಲ್ಲ, ಎರಡು ತಂಡ ಮಾಡಬೇಕು. ಅಂದರೆ ಒಂದು ಕ್ರೆಡಿಟ್ ಥಿಯರಿ, ಒಂದು ಕ್ರೆಡಿಟ್ ಪ್ರಾಯೋಗಿಕ ಎಂದು ಬರೆದರೆ ಮೇಷ್ಟ್ರಿಗೆ ಒಂದು, ಎರಡು ಮತ್ತು ಎರಡು, ಒಟ್ಟು ಐದು ಗಂಟೆ. ಕ್ರೆಡಿಟ್ ಅರ್ಧವಾಯಿತು, ಗಂಟೆ ಹೆಚ್ಚಾಯಿತು. ಇಂಥ ಲೆಕ್ಕವನ್ನು ದೇವಗುರು ಬೃಹಸ್ಪತಿಯೂ ಮಾಡಿರಲಾರ.

ಕೇಳಿ ಬನಜಾ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ನಿಂತೇ ಮಾತಾಡುವವಳು ಕೂತಳೆಂದರೆ ನಂಬಿದಳೆಂದು ಅರ್ಥ.

ಮೂರು ದಿನದಲ್ಲಿ ರೂಪುರೇಷೆ ತಂದಳು. ಮೂರೇ ಘಟಕ. ತಂತ್ರಜ್ಞಾನ ಪಾಠಕ್ಕೆ ಯಾವಾಗ ಬೇಕು, ಯಾವಾಗ ಬೇಡ ಎಂಬುದು ಮೊದಲನೆಯದು. ಪಾಠಸಾಮಗ್ರಿಯನ್ನು ಆರಿಸುವುದು, ತಯಾರಿಸುವುದು, ಬೇರೆಯವರದನ್ನು ಬಳಸುವಾಗ ಪಾಲಿಸಬೇಕಾದ ಹಕ್ಕಿನ ನಿಯಮ ಎರಡನೆಯದು. ಫೋನು ಇಲ್ಲದ ಮಗು, ಕಣ್ಣು ಕಾಣದ ಮಗು, ಜಾಲದಲ್ಲಿ ಮಕ್ಕಳ ಸುರಕ್ಷತೆ ಮೂರನೆಯದು. ಪ್ರಾಯೋಗಿಕದಲ್ಲಿ ಆರು ನಿಮಿಷದ ಪಾಠ ಮಾಡಿ ಫೋನಿನಲ್ಲಿ ಚಿತ್ರಿಸಿಕೊಳ್ಳಬೇಕು, ಜೊತೆಗಾರರೊಂದಿಗೆ ನೋಡಿ ಟೀಕೆ ಕೇಳಬೇಕು, ಯೋಜನೆ ತಿದ್ದಿ ಮತ್ತೆ ಪಾಠ ಮಾಡಬೇಕು. ನೆಟ್‌ವರ್ಕ್ ಸಿಗದ ಶಾಲೆಗಾಗಿ ಒಂದು ಧ್ವನಿಪಾಠ ತಯಾರಿಸಬೇಕು. ಐವತ್ತು ಅಂಕದಲ್ಲಿ ಥಿಯರಿ ಪರೀಕ್ಷೆಗೆ ಇಪ್ಪತ್ತೈದು, ಪ್ರಾಯೋಗಿಕದ ದಾಖಲೆ, ಪ್ರದರ್ಶನ ಮತ್ತು ಮೌಖಿಕ ಸೇರಿ ಇಪ್ಪತ್ತೈದು. ಓದಲು ಐದು ಪುಸ್ತಕ, ಐದೂ ದುಡ್ಡಿಲ್ಲದೆ ಸಿಗುವಂಥವು.

“ಚೆನ್ನಾಗಿದೆ. ಆದ್ರೆ ಬರೀ ಮೂಳೆ,” ಎಂದೆ. “ಮಾಂಸ ನಾನು ಹಚ್ತೀನಿ.”

“ಬೇಡ ಸಾರ್.”

“ನಿಂಗೆ ಮಂಡಳಿ ಗೊತ್ತಿಲ್ಲ.”

ನನಗೆ ಮಂಡಳಿ ಗೊತ್ತಿತ್ತು. ಅಧ್ಯಕ್ಷರು ಬೈಷ್ಣಬ ಪರಿಡಾ ಬಾಬು. ಪಾರದರ್ಶಕ ಹಾಳೆಯ ಮೇಲೆ ಬರೆದು ಗೋಡೆಗೆ ಬೆಳಕು ಬಿಡುವ ಪ್ರೊಜೆಕ್ಟರಿನ ಬಗ್ಗೆ ಅವರದೊಂದು ಪುಸ್ತಕವಿದೆ. ಆ ಯಂತ್ರ ಈಗ ನಮ್ಮ ಕಾಲೇಜಿನಲ್ಲಿ ಸ್ಟೂಲಾಗಿ ದುಡಿಯುತ್ತಿದೆ. ಇನ್ನೊಬ್ಬರು ಮಹಿಳಾ ಕಾಲೇಜಿನ ಕುಂತಳಾ ಅಪಾ, ನಮಗೆಲ್ಲ ಅಕ್ಕ. ತರಗತಿಯಲ್ಲಿ ಯಾರು ಎಷ್ಟು ಹೊತ್ತು ಮಾತಾಡಿದರೆಂದು ಮೂರು ಮೂರು ಸೆಕೆಂಡಿಗೆ ಗೀಟು ಹಾಕಿ ಎಣಿಸುವ ವಿಧಾನದ ಮೇಲೆ ಅವರದೂ ಒಂದು ಪುಸ್ತಕ. ಸದಸ್ಯರ ಪುಸ್ತಕ ಪರಾಮರ್ಶನ ಪಟ್ಟಿಯಲ್ಲಿರುವುದು ನಮ್ಮ ಮಂಡಳಿಯ ಮರ್ಯಾದೆ. ಪುಸ್ತಕವಿದ್ದ ಮೇಲೆ ಅದಕ್ಕೊಂದು ಘಟಕವೂ ಬೇಕು. ಮೂರನೆಯ ಸದಸ್ಯನಾದ ನನಗೆ ಕ್ರಮಾನ್ವಿತ ಕಲಿಕೆ: ಪಾಠವನ್ನು ಪುಟ್ಟ ಪುಟ್ಟ ತುಣುಕು ಮಾಡಿ, ಪ್ರತಿ ತುಣುಕಿಗೂ ಪ್ರಶ್ನೆಯಿಟ್ಟು, ಉತ್ತರ ಸರಿಯೇ ತಪ್ಪೇ ಎಂದು ಆ ಕ್ಷಣವೇ ತಿಳಿಸುವ ವಿದ್ಯೆ. ಅದರ ಮೇಲೆ ನಾನು ಬರೆದ ಗ್ರಂಥ ಎತ್ತಿಡಲು ಇಬ್ಬರು ಬೇಕು.

ಎಲ್ಲರನ್ನೂ ಖುಷಿಯಾಗಿಟ್ಟರೆ ಪ್ರಾಯೋಗಿಕದ ಸಾಲು ಸುಮ್ಮನೆ ದಾಟಿಹೋಗುತ್ತದೆಂದು ಮೂವರ ಘಟಕಗಳನ್ನೂ ಮೂವರ ಪುಸ್ತಕಗಳನ್ನೂ ಸೇರಿಸಿದೆ. ಬನಜಾಳ ಮೂರು ಘಟಕ ಆರಾಯಿತು.

ಸಭೆ ಜೂನ್ ಮೊದಲ ವಾರ. ಬಿಸಿಲು ಹೇಗಿತ್ತೆಂದರೆ ದಾರಿಯಲ್ಲಿ ನನ್ನ ನೆರಳೂ ನನ್ನನ್ನು ಬಿಟ್ಟು ಮರದಡಿ ಹೋಗಿ ಕೂತಿತು. ಈ ಪತ್ರಿಕೆ ಪಾಠ ಮಾಡುವವಳೆಂದು ಬನಜಾಳನ್ನು ವಿಶೇಷ ಆಹ್ವಾನಿತೆಯಾಗಿ ಕರೆಸಿದ್ದೆ. ಅವಳು ಮಾತಾಡಬಹುದು, ಮತ ಹಾಕುವಂತಿಲ್ಲ.

ಪರಿಡಾ ಬಾಬು ಕರಡನ್ನು ಕೊನೆಯಿಂದ ಓದಿದರು. ತಮ್ಮ ಪುಸ್ತಕ ಕಂಡು ತಲೆಯಾಡಿಸಿದರು. ಕುಂತಳಾ ಅಪಾ ತಮ್ಮದಕ್ಕೆ ಹಸಿರು ಶಾಯಿಯಲ್ಲಿ ಗೀಟೆಳೆದರು. ನಾನು ಮೀಸೆ ತಿರುವಿದೆ. ಆಮೇಲೆ ಪರಿಡಾ ಬಾಬು ಮೊದಲಿಂದ ಓದಿದರು. ಅದನ್ನು ನಾನು ಎಣಿಸಿರಲಿಲ್ಲ.

“ದಾಶರಥಿ ಬಾಬು, ಥಿಯರಿ ಒಂದೇ ಕ್ರೆಡಿಟ್ಟು. ಅಂದ್ರೆ ಸೆಮಿಸ್ಟರಿಗೆ ಹದಿನೈದು ಗಂಟೆ. ಆರು ಘಟಕ ಹದಿನೈದು ಗಂಟೇಲಿ ಯಾರ್ರೀ ಮುಗಿಸ್ತಾರೆ? ರೈಲು ಓಡಿಸ್ತೀರಾ?”

“ಸ್ವಲ್ಪ ಬಿಗಿಯಾಗಿ ಹೋದ್ರೆ…”

“ಮೂವತ್ತು ಗಂಟೆ ಬೇಕು. ಎರಡೂ ಕ್ರೆಡಿಟ್ಟು ಥಿಯರಿ ಮಾಡ್ಬಿಡಿ. ಈ ಫೋನು ಗೀನು ಎಲ್ಲ ಆಂತರಿಕ ಅಂಕಕ್ಕೆ ಹಾಕಿ, ಎರಡು ಅಸೈನ್‌ಮೆಂಟ್ ಮನೇಲಿ ಮಾಡ್ಕೊಂಡು ಬರ್ಲಿ.”

“ಸರಿಯಾಗಿ ಹೇಳಿದ್ರಿ,” ಎಂದರು ಕುಂತಳಾ ಅಪಾ. “ಪ್ರಾಯೋಗಿಕ ಅಂದ್ರೆ ನೂರೆಂಟು ತಲೆನೋವು.”

ಮನೆಯಲ್ಲಿ ಮಾಡುವ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಗಂಟೆಯಿಲ್ಲ. ಐದು ಮತ್ತೆ ಎರಡಾಯಿತು. ಬನಜಾ ತನ್ನ ಪೆನ್ನಿನ ಮುಚ್ಚಳ ಹಾಕಿದಳು. ಅಷ್ಟರಲ್ಲಿ ಚಹಾ ಬಂದದ್ದರಿಂದ ಪರಿಡಾ ಬಾಬು ಹತ್ತು ನಿಮಿಷ ಬಿಡುವು ಕೊಟ್ಟರು.

ಜಗಲಿಯಲ್ಲಿ ಅವಳು ಲೋಟ ಹಿಡಿದು ನಿಂತಿದ್ದಳು. ಕುಡಿಯುತ್ತಿರಲಿಲ್ಲ.

“ನೀವೇ ತುಂಬಿಸಿದ್ದು ಸಾರ್.”

“ಅವರನ್ನ ಒಲಿಸೋಕೆ ಕಣಮ್ಮ.”

“ಒಲಿದ್ರು. ಈಗ ನಾನು ಮನೆಗೆ ಹೋಗ್ತೀನಿ.” ಸಿಟ್ಟಿನಲ್ಲಿ ಹೇಳಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಅವಳು ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು. “ಒಂದು ದಾರಿ ಇದೆ. ನಿಮ್ಮ ಘಟಕ ತೆಗೀರಿ, ಪುಸ್ತಕಾನೂ. ನೀವು ತೆಗೆದ್ರೆ ಅವರಿಗೆ ಇಟ್ಕೊಳ್ಳೋಕೆ ನಾಚಿಕೆಯಾಗುತ್ತೆ.”

“ಬೇರೆ ಏನಾದ್ರೂ ಕೇಳು. ಕಿಡ್ನಿ ಕೊಡ್ತೀನಿ.”

“ಕಿಡ್ನಿಗೆ ಗಂಟೆ ಬರಲ್ಲ ಸಾರ್.”

“ಅದು ಘಟಕ ಅಲ್ಲ ಬನಜಾ. ನನ್ನ ಇಡೀ ವಯಸ್ಸು.”

“ಗೊತ್ತು. ಒಂಬತ್ತು ವರ್ಷ ಪಾಠ ಮಾಡಿದೀನಲ್ಲ. ಹೋದ ವರ್ಷ ಒಬ್ಬಳು, ಮೇಡಂ ಇದು ಫೋನಲ್ಲಿ ಆಡೋ ಕ್ವಿಜ್ ಥರಾನೇ ಅಲ್ವಾ ಅಂದ್ಲು. ಹೌದು ಅಂದೆ. ಇಡೀ ತರಗತಿಗೆ ಅರ್ಥ ಆಯ್ತು. ಅಲ್ಲಿಗೆ ಘಟಕ ಮುಗೀತು.”

ನಾನು ಚಹಾ ಕುಡಿದೆ. ಸಕ್ಕರೆ ಹಾಕಿರಲಿಲ್ಲವೋ ಏನೋ, ಗೊತ್ತಾಗಲಿಲ್ಲ. ಮೂವತ್ತು ವರ್ಷ ಘಟಕ ಸೇರಿಸಿದ ಕೈ ಇದು. ತೆಗೆಯುವುದು ಹೇಗೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಒಳಗೆ ಹೋಗಿ ಎದ್ದು ನಿಂತೆ. ಮಂಡಳಿಯಲ್ಲಿ ಯಾರೂ ಎದ್ದು ನಿಂತು ಮಾತಾಡುವುದಿಲ್ಲ, ಹಾಗಾಗಿ ಎಲ್ಲರೂ ನೋಡಿದರು.

“ಅಧ್ಯಕ್ಷರೇ, ನಾಲ್ಕನೇ ಘಟಕ, ಕ್ರಮಾನ್ವಿತ ಕಲಿಕೆ, ನನ್ನದು. ಅದನ್ನ ವಾಪಸ್ ತಗೋತೀನಿ. ಪಟ್ಟಿಯಿಂದ ನನ್ನ ಪುಸ್ತಕಾನೂ. ಎರಡನೇ ಘಟಕದಲ್ಲಿ ಅದರ ಬಗ್ಗೆ ಒಂದು ಸಾಲು ಸಾಕು.”

ಮಾತು ಮುಗಿದಾಗ ಇಡೀ ವಿಶ್ವವಿದ್ಯಾಲಯ ಉಸಿರು ಹಿಡಿಯಿತು, ಹೊರಗೆ ಕಾಗೆಗಳು ಅರ್ಧ ಕೂಗಿಗೆ ನಿಂತವು ಎಂದರೆ ನೀವು ನಂಬಲಿಕ್ಕಿಲ್ಲ. ಕುಂತಳಾ ಅಪಾ ಕನ್ನಡಕ ತೆಗೆದರು.

“ಏನಪ್ಪಾ, ಹುಷಾರಿಲ್ವಾ?”

“ಹುಷಾರಾಗಿದೀನಿ ಅಪಾ. ಸುಸ್ತಾಗಿದೆ, ಅಷ್ಟೇ.”

“ಹಂಗಾದ್ರೆ ನಮ್ಮದೂ ತೆಗೀಬೇಕು ಅಂತ ಸುತ್ತಿ ಬಳಸಿ ಹೇಳ್ತಿದೀಯ.”

“ನಾನೇನೂ ಹೇಳ್ತಿಲ್ಲ.”

“ನೀನು ಏನೂ ಹೇಳದೆ ಇದ್ದದ್ದನ್ನ ಇವತ್ತೇ ನೋಡಿದ್ದು.” ಅಪಾ ಕರಡನ್ನು ಹತ್ತಿರ ಎಳೆದುಕೊಂಡರು. ತಮ್ಮದೇ ಹಸಿರು ಗೀಟಿನ ಮೇಲೆ ಅಡ್ಡಗೀಟು ಎಳೆದರು. “ಆ ಗೀಟು ಎಣಿಸೋದನ್ನ ಪ್ರಾಯೋಗಿಕದಲ್ಲಿ ಸೇರಿಸು ಬನಜಾ. ಚಿತ್ರಿಸಿಕೊಂಡ ಪಾಠ ನೋಡ್ತಾ ಮಕ್ಕಳೇ ಎಣಿಸಲಿ. ಆವಾಗಾದ್ರೂ ಯಾರಾದ್ರೂ ಎಣಿಸ್ತಾರೆ.”

“ಸೇರಿಸ್ತೀನಿ ಅಪಾ,” ಎಂದಳು ಬನಜಾ. ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದಳು.

ಉಳಿದವರು ಪರಿಡಾ ಬಾಬು. ಅವರು ಪಟ್ಟಿಯಲ್ಲಿದ್ದ ತಮ್ಮ ಪುಸ್ತಕದ ಹೆಸರಿನ ಮೇಲೆ ಬೆರಳಿಟ್ಟರು.

“ನನ್ನ ಪ್ರೊಜೆಕ್ಟರು ನಿಮ್ಮ ಕಾಲೇಜಲ್ಲಿ ಇನ್ನೂ ಇದೆಯಾ?”

“ಇದೆ ಬಾಬು,” ಎಂದೆ. “ದಿನಾ ಬಳಸ್ತೀವಿ.”

ಬನಜಾ ತಲೆ ತಗ್ಗಿಸಿಕೊಂಡಳು.

“ಸರಿ ಬಿಡಿ. ಮೂರೇ ಘಟಕ. ಥಿಯರಿ ಒಂದು, ಪ್ರಾಯೋಗಿಕ ಒಂದು. ಆದ್ರೆ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರ್ಲೇಬೇಕು. ನಿಮ್ಮ ಮಕ್ಕಳಿಗೆ ನೀವೇ ಅಂಕ ಸುರಿಯೋದು ಬೇಡ.” ಅದು ನ್ಯಾಯದ ಮಾತು. ಪರೀಕ್ಷಕರಾಗಿ ಬರುವವರು ಅವರೇ ಎಂಬುದೂ, ಬಂದ ದಿನ ಕಾಲೇಜಿನಲ್ಲಿ ಮಾಂಸದೂಟ ಇರುತ್ತದೆಂಬುದೂ ಎಲ್ಲರಿಗೂ ಗೊತ್ತಿತ್ತು.

ಸಹಿ ಆಯಿತು. ಇನ್ನು ವಿದ್ಯಾ ಪರಿಷತ್ತಿಗೆ ಹೋಗುತ್ತದೆ. ಅಲ್ಲಿ ಒಂದೇ ಮಧ್ಯಾಹ್ನ ಇನ್ನೂರು ಪತ್ರಿಕೆಗಳನ್ನು ಯಾರೂ ಓದದೆ ಒಪ್ಪುತ್ತಾರೆ.

ಸಂಜೆ ಬಸ್ ನಿಲ್ದಾಣದಲ್ಲಿ ಮಂಡಕ್ಕಿಗೆ ಬಟಾಣಿಯ ಘುಗುನಿ ಕಲಸಿಸಿಕೊಂಡು ಕಲ್ಲುಬೆಂಚಿನ ಮೇಲೆ ಕೂತೆವು. ಬೆಂಚು ಇನ್ನೂ ಕಾದಿತ್ತು. ಬನಜಾ ಆರು ಘಟಕದ ಹಳೆಯ ಕರಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು.

“ಐದೂ ನಾಲ್ಕೂ ಒಂಬತ್ತು. ಈ ಜುಲೈ ಆಯ್ತು ಸಾರ್.”

“ಈ ಜುಲೈ ಏನು, ಇನ್ನು ನಿನ್ನನ್ನ ಅಲ್ಲಾಡಿಸೋರು ಯಾರು?”

“ಮತ್ತೆ ಯಾವಾಗ ತಿದ್ದುತ್ತಾರೆ?”

“ಮೂರು ವರ್ಷಕ್ಕೆ.”

“ಅಷ್ಟೊತ್ತಿಗೆ ನೀವು ನಿವೃತ್ತಿ.” ಅವಳು ಲೆಕ್ಕ ಹಾಕುವುದನ್ನು ಅಲ್ಲಿಗೆ ನಿಲ್ಲಿಸಿ ಮಂಡಕ್ಕಿಯಲ್ಲಿದ್ದ ಮೆಣಸಿನಕಾಯಿ ಆರಿಸಿ ನನ್ನ ಕಡೆ ಹಾಕಿದಳು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ನಾನು ನನ್ನ ಗ್ರಂಥದ ಬಗ್ಗೆ ಯೋಚಿಸಿದೆ. ಇನ್ನು ಅದನ್ನು ಗ್ರಂಥಾಲಯದಿಂದ ಕೇಳಿ ಪಡೆಯುವವರು ಯಾರೂ ಇರುವುದಿಲ್ಲ. ನಿಜ ಹೇಳಬೇಕೆಂದರೆ ಈವರೆಗೂ ಅದನ್ನು ಕೇಳುತ್ತಿದ್ದದ್ದು ಬನಜಾ ಒಬ್ಬಳೇ.

“ನೋಡು, ತನ್ನ ಪುಸ್ತಕಾನ ತಾನೇ ಹೊಡೆದುಹಾಕಿದ ಮೇಷ್ಟ್ರು ಈ ಭೂಮಂಡಲದಲ್ಲಿ ನಾನೊಬ್ಬನೇ. ನಾಳೆ ಕಾಲೇಜಲ್ಲಿ ಎಲ್ಲರಿಗೂ ಹೇಳ್ತೀನಿ. ಕುಲಪತಿಗಳೇ ಎದ್ದು ನಿಂತು ಕೈಮುಗಿದ್ರು ಅಂತ ಹೇಳ್ತೀನಿ.”

“ಹೇಳಿ ಸಾರ್,” ಎಂದಳು ಬನಜಾ ಕಣ್ಣು ತೆರೆಯದೆ. “ಬಸ್ ಬಂದ್ರೆ ಮಾತ್ರ ಎಬ್ಬಿಸಿ.”