ಡಬ್ಬಿಯ ಮೇಲೆ ಕೆತ್ತಿದ ಹೆಸರು

ಶಾಲೆಯಿಂದ ಪೋಷಕರ ಗ್ರೂಪಿಗೆ ಬಂದ ಸೂಚನೆ ಇಷ್ಟೇ: ನೀರಿನ ಬಾಟಲಿ, ಊಟದ ಡಬ್ಬಿ, ಸ್ವೆಟರ್ ಎಲ್ಲದರ ಮೇಲೂ ಮಗುವಿನ ಹೆಸರು, ತರಗತಿ ಬರೆಯಿರಿ, ಇಲ್ಲಿ ಸಿಕ್ಕಿರುವ ವಸ್ತುಗಳನ್ನು ಶನಿವಾರ ಬಂದು ಗುರುತಿಸಿ ಒಯ್ಯಿರಿ.

ಬೇರೆ ತಾಯಂದಿರು ಮಾರ್ಕರ್ ಪೆನ್ನಿನಲ್ಲಿ ಗೀಚುತ್ತಾರೆ, ನಾಲ್ಕು ಸಲ ತಿಕ್ಕಿದರೆ ಹೋಯಿತು. ಶಶಿರೇಖಾ ಹಾಗೆಲ್ಲ ಅರೆಬರೆ ಕೆಲಸ ಮಾಡುವವಳೇ? ಅಂದು ಸಂಜೆಯೇ ಮಗಳನ್ನು ಎಳೆದುಕೊಂಡು ದೊಡ್ಡಬಳ್ಳಾಪುರದ ಪೇಟೆಯ ಪಾತ್ರೆ ಅಂಗಡಿಗೆ ಹೋಗಿ, ಸ್ಟೀಲ್ ಡಬ್ಬಿಗೂ ಮುಚ್ಚಳಕ್ಕೂ 'ಧನುಶ್ರೀ, 2ನೇ ಬಿ' ಎಂದು ಕೆತ್ತಿಸಿಬಿಟ್ಟಳು.

"ಅಮ್ಮಾ, ಇದು ನಮ್ದಲ್ಲ. ನಮ್ದು ನೆಗ್ಗಿರ್ಲಿಲ್ಲ," ಎಂದಿದ್ದಳು ಧನುಶ್ರೀ.

"ಬೀಳ್ಸಿ ನೆಗ್ಗಿಸ್ಕೊಂಡು ಬಂದಿದ್ದಲ್ದೆ ಸುಳ್ಳು ಬೇರೆ!" ಎಂದು ಶಶಿರೇಖಾ ಅಂಗಡಿಯವನ ಎದುರಿಗೇ ಕಿವಿ ಹಿಂಡಿದ್ದಳು.

ಶನಿವಾರ ಕಳೆದುಹೋದ ಬಾಟಲಿ ಹುಡುಕಲು ಮಗಳನ್ನು ಕರೆದುಕೊಂಡು ಬಂದರೆ ಶಾಲೆಯ ಜಗಲಿಯೇ ಸಂತೆಯಾಗಿತ್ತು. ಮೇಜಿನ ಮೇಲೆ ಒಂಟಿ ಸಾಕ್ಸುಗಳು, ಟೈಗಳು, ಯಾರಿಗೂ ಬೇಡವಾದ ಸ್ವೆಟರುಗಳು. ಮಿಸ್ಸು ಹೆಸರಿಲ್ಲದ ಸ್ಟೀಲ್ ಡಬ್ಬಿಯೊಂದನ್ನು ಎತ್ತಿ ಹಿಡಿದು, "ಇದು ಯಾರ್ದು?" ಎಂದರು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗುವ ಅರ್ಪಿತ ಮುಂದೆ ಬಂದು, "ನಮ್ದೇ ಮಿಸ್. ತಗೊಳ್ಳೇ ಲಿಖಿತಾ," ಎಂದಳು.

ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ನಂದಲ್ಲ ಅಮ್ಮ. ನಂದು ಮೂಲೇಲಿ ನೆಗ್ಗಿತ್ತು."

"ಡಬ್ಬಿ ಕಳ್ದಿದ್ದಕ್ಕೆ ನಿನ್ನೆ ಸೌಟಲ್ಲಿ ಬಿದ್ದಿದ್ದು ಸಾಲ್ದಾ? ಸಿಕ್ಕಿದ್ರೂ ನಾಟಕ ಆಡ್ತೀಯಾ?"

ಶಶಿರೇಖಾಳಿಗೆ ಆಗ ಹೊಳೆಯಿತು. ಮಿಸ್ಸಿನ ಕೈಲಿದ್ದದ್ದು ತನ್ನ ಮನೆಯ ಡಬ್ಬಿ, ತಾನು ಹೆಸರು ಕೆತ್ತಿಸಿದ್ದು ಈ ಹುಡುಗಿಯದು. ಬಾಯಿ ಬಿಡದಿದ್ದರೆ ಆಯಿತು. ಆ ಹುಡುಗಿ ಇದನ್ನು ಒಯ್ಯುತ್ತಾಳೆ, ಲೆಕ್ಕ ಚುಕ್ತಾ. ಬಿಟ್ಟರೆ ಇಷ್ಟು ಜನರ ಮುಂದೆ, ಪರರ ಡಬ್ಬಿಗೆ ಹೆಸರು ಕೆತ್ತಿಸಿಕೊಂಡವಳು ಅನ್ನಿಸಿಕೊಳ್ಳಬೇಕು. ಅವಳು ಒಂಟಿ ಸಾಕ್ಸುಗಳನ್ನು ಸುಮ್ಮನೆ ಜೋಡಿಸತೊಡಗಿದಳು. ಅಯ್ಯೋ, ಅಂಥ ನಾಚಿಕೆಗೆಟ್ಟ ಕೆಲಸ ಅವಳು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಅರ್ಪಿತ ಕೈ ಎತ್ತಿದಳು. ಲಿಖಿತಾ ತೋಳಿನಿಂದ ಮುಖ ಮುಚ್ಚಿಕೊಂಡಳು. ಆ ತೋಳಿನ ಮೇಲೆ ಕೆಂಪಗೆ ಬಾಸುಂಡೆ ಎದ್ದಿತ್ತು.

"ಹೊಡೀಬೇಡ ಕಣಮ್ಮಾ!" ಶಶಿರೇಖಾ ಅರ್ಪಿತಳ ಕೈ ಹಿಡಿದೇಬಿಟ್ಟಳು. "ಮಗು ನಿಜ ಹೇಳ್ತಾ ಇದೆ. ನಿಮ್ ಡಬ್ಬಿ ನಮ್ಮತ್ರ ಇದೆ. ನಾನೇ ಸರಿಯಾಗಿ ನೋಡ್ದೆ ಹೆಸರು ಕೆತ್ತಿಸ್ಬಿಟ್ಟೆ. ತಪ್ಪು ನಂದೇ."

ಮಗಳ ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟಳು. ಕೆತ್ತಿದ್ದನ್ನು ಅಳಿಸುವ ಹಾಗಿರಲಿಲ್ಲ. ಹೊಸದು ಕೊಡಿಸುತ್ತೇನೆ ಎಂದರೂ ಅರ್ಪಿತ ಬೇಡವೆಂದಳು. ಅವಳು ಡಬ್ಬಿಯ ಕಡೆ ನೋಡಲೇ ಇಲ್ಲ, ಮಗಳ ತೋಳನ್ನೇ ಸವರುತ್ತಾ ನಿಂತಳು.

ಲಿಖಿತಾ ನೆಗ್ಗಿದ ಮೂಲೆ ಮುಟ್ಟಿ ನೋಡಿ, ಮುಚ್ಚಳದ ಮೇಲಿನ ಹೆಸರನ್ನು ಕೂಡಿಸಿ ಓದಿದಳು. ಆಮೇಲೆ ಧನುಶ್ರೀಯ ಕಡೆ ತಿರುಗಿ, "ಧನು, ನೀನ್ಯಾಕೆ ನಿಮ್ಮಮ್ಮಂಗೆ ಹೇಳ್ಲಿಲ್ಲ?" ಎಂದಳು.

ಧನುಶ್ರೀ ಅಮ್ಮನ ಮುಖ ನೋಡಿದಳು. ಅಂದು ಹಿಂಡಿಸಿಕೊಂಡ ಕಿವಿಯನ್ನು ಕೈಯಿಂದ ಮುಚ್ಚಿಕೊಂಡಳು.